310ಕ್ಕೆ ಮಾರಿದರೆ ಬಾಕ್ಸಿಗೆ ನಷ್ಟ

"ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಐತ್ರಿ. ಚೀನಾದಿಂದ 2000 ಅಳತೆ ಟೇಪು (ತಲಾ ₹60), 400 ಪ್ಲಾಸ್ಟಿಕ್ ಟೂಲ್ ಬಾಕ್ಸ್ (ತಲಾ ₹200) ಒಂದೇ ಲೋಡಿನಲ್ಲಿ ತರಿಸಿದೆ. ಹಡಗಿನ ಬಾಡಿಗೆ, ವಿಮೆ ₹20,000. ಸುಂಕ ₹24,200. ಬಂದರು, ಲಾರಿ, ಹಮಾಲಿ ₹30,000. ಎಲ್ಲ ಹಂಚಿದರೆ ಬಾಕ್ಸಿಗೆ ₹274 ಬೀಳ್ತದ. 310ಕ್ಕೆ ಮಾರಲೇನು?"

ಬ್ಯಾಡ್ರಿ. ಖರ್ಚನ್ನೆಲ್ಲ ನೀವು ಸರಕಿನ ಬೆಲೆಯ ಮೇಲೆ ಹಂಚಿದ್ದೀರಿ. ಸುಂಕಕ್ಕೆ ಅದು ಸರಿ, ಏಕೆಂದರೆ ಸುಂಕ ಬೀಳುವುದೇ ಬೆಲೆಯ ಮೇಲೆ. ಆದರೆ ಪೂರ್ತಿ ಕಂಟೇನರ್ ತುಂಬದ ಬಿಡಿ ಲೋಡಿಗೆ ಹಡಗಿನವರು ಸಾಮಾನ್ಯವಾಗಿ ಘನಮೀಟರ್ ಲೆಕ್ಕದಲ್ಲಿ ಬಾಡಿಗೆ ಹಾಕುತ್ತಾರೆ. ಲಾರಿಯಲ್ಲಿ ಜಾಗ ತಿನ್ನುವುದೂ ಆ ಖಾಲಿ ಬಾಕ್ಸುಗಳೇ.

ಪ್ಯಾಕಿಂಗ್ ಲಿಸ್ಟ್ ತೆಗೆದು ನೋಡಿ. ಟೇಪು 1 ಘನಮೀಟರ್, ಬಾಕ್ಸು 4 ಇದೆ ಅಂದುಕೊಳ್ಳೋಣ. ಆಗ ₹20,000 ಮತ್ತು ₹30,000 ಎರಡರಲ್ಲೂ ಐದರಲ್ಲಿ ನಾಲ್ಕು ಪಾಲು ಬಾಕ್ಸಿಗೆ ಹೋಗುತ್ತದೆ: 16,000 ಮತ್ತು 24,000. ಬೆಲೆ 80,000, ಸುಂಕದ ಪಾಲು 9,680 ಸೇರಿ ಒಟ್ಟು 1,29,680. ಒಂದಕ್ಕೆ ₹324. ಹಾದಿಯಲ್ಲಿ 8 ಒಡೆದಿದ್ದರೆ 392ರಿಂದ ಭಾಗಿಸಿ, ₹331 ಬರುತ್ತದೆ. ಟೇಪು ಮಾತ್ರ ₹82 ಅಲ್ಲ, ₹72. ಅಲ್ಲಿ ನೀವು ಸುಮ್ಮನೆ ದುಬಾರಿ ಹೇಳಿ ಗಿರಾಕಿ ಕಳಕೋತೀರಿ.

ಐಜಿಎಸ್‌ಟಿಯನ್ನು ಇದರಲ್ಲಿ ಸೇರಿಸಬೇಡಿ, ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಜಿಎಸ್‌ಟಿಯ ಕಾಂಪೋಸಿಷನ್ ಯೋಜನೆಯಲ್ಲಿದ್ದರೆ ಆ ಕ್ರೆಡಿಟ್ ಇಲ್ಲ, ಆಗ ಮಾತ್ರ ಅದೂ ಖರ್ಚೇ. ಲಾಭವೂ ಸೇರಿ ಬಾಕ್ಸಿಗೆ 360 ಹುಟ್ಟದಿದ್ದರೆ ಮುಂದಿನ ಲೋಡಿನಲ್ಲಿ ಬರೀ ಟೇಪು ತರಿಸಿ, ಇಲ್ಲವೇ ಒಂದರೊಳಗೊಂದು ಕೂಡುವ ಅಳತೆಯ ಬಾಕ್ಸು ಕೇಳಿ.