ತಟ್ಟೆಯ ಫೋಟೋ ನೋಡಿ ಅನ್ನದ ಕ್ಯಾಲೊರಿ ಅಂದಾಜು ಮಾಡೋದು

ಪ್ರಶ್ನೆ: ಊಟದ ಫೋಟೋ ಇದೆ, ತಟ್ಟೆ ಅಳತೆ ಗೊತ್ತು. ಕ್ಯಾಲೊರಿ ಎಷ್ಟು ಅಂತ ಹೇಗೆ ಲೆಕ್ಕ ಹಾಕೋದು?

ಉತ್ತರ: ನಮ್ಮ ಮನೆಯ ಸ್ಟೀಲ್ ತಟ್ಟೆ ಅಂಚಿನಿಂದ ಅಂಚಿಗೆ 28 ಸೆಂ.ಮೀ. ಫೋಟೋದಲ್ಲಿ ಅದು 1400 ಪಿಕ್ಸೆಲ್ ಅಗಲ ಬಂದಿದೆ. ಅಂದರೆ ಸೆಂಟಿಮೀಟರಿಗೆ 50 ಪಿಕ್ಸೆಲ್. ಅನ್ನದ ಗುಡ್ಡೆ 600 ಪಿಕ್ಸೆಲ್, ಅಂದರೆ 12 ಸೆಂ.ಮೀ. ಫೋಟೋ ಓರೆಯಾಗಿದ್ದರೆ ತಟ್ಟೆ ಮೊಟ್ಟೆಯಾಕಾರ ಕಾಣುತ್ತೆ, ಆಗ ಉದ್ದದ ಅಳತೆಯನ್ನೇ ಹಿಡಿಯಿರಿ.

ಎತ್ತರ ಮೇಲಿನಿಂದ ತೆಗೆದ ಫೋಟೋದಲ್ಲಿ ಸಿಗಲ್ಲ. ಪಕ್ಕದಿಂದ ಇನ್ನೊಂದು ತೆಗೀಬೇಕು. ನನ್ನದು 4 ಸೆಂ.ಮೀ. ಇತ್ತು. ಗುಡ್ಡೆಯನ್ನು ಗುಮ್ಮಟ ಅಂದುಕೊಂಡರೆ ಲೆಕ್ಕ ಹೀಗೆ, 4 ಅಂದರೆ ಎತ್ತರ, 6×6ರಲ್ಲಿನ 6 ಅಂದರೆ ಅಗಲದ ಅರ್ಧ:

```
3.14 × 4 ÷ 6 × (3×6×6 + 4×4) ≈ 260
```

260 ಮಿ.ಲೀ. ಅನ್ನ. ಉದುರು ಅನ್ನ ಮಿ.ಲೀ.ಗೆ ಸುಮಾರು 0.75 ಗ್ರಾಂ ತೂಗುತ್ತೆ, ಹಾಗಾಗಿ 195 ಗ್ರಾಂ. ನೂರು ಗ್ರಾಂಗೆ 130ರಂತೆ ಸುಮಾರು 250 ಕ್ಯಾಲೊರಿ.

ಎತ್ತರ 3 ಸೆಂ.ಮೀ. ಅಂದುಕೊಂಡಿದ್ದರೆ 180 ಕ್ಯಾಲೊರಿ ಬರ್ತಿತ್ತು! ಜಾಸ್ತಿ ತಪ್ಪಾಗೋದು ಇಲ್ಲೇ. ಸಾರಿನ ಬಟ್ಟಲಿಗೆ ಈ ಲೆಕ್ಕ ಬೇಡ, ಒಮ್ಮೆ ನೀರು ತುಂಬಿಸಿ ಅಳೆದಿಟ್ಟುಕೊಳ್ಳಿ. ಅನ್ನದೊಳಗೆ ಇಳಿದ ತುಪ್ಪ ಮಾತ್ರ ಯಾವ ಫೋಟೋದಲ್ಲೂ ಕಾಣಲ್ಲ, ಟೀ ಚಮಚಕ್ಕೆ 45 ಕ್ಯಾಲೊರಿ ಬೇರೆ ಸೇರಿಸಿ.