ಗೋದಾಮು ಖಾಲಿಯಾದ ಮೇಲೆ ಬಂದ ರೀಟೆಸ್ಟ್

*ಸಂಪಾದಕರಿಗೆ ನಮಸ್ಕಾರ. ನಮ್ಮದು ಅಡಿಕೆ ತೋಟ. ಮೂರು ವರ್ಷದಿಂದ ನಿಫ್ಟಿಯಲ್ಲೂ ಸ್ವಲ್ಪ ಟ್ರೇಡಿಂಗ್ ಮಾಡುತ್ತೇನೆ. 2025ರ ಜನವರಿಯಲ್ಲಿ, ಇಳಿಕೆಯನ್ನು ತಡೆದು ನಿಲ್ಲಿಸಿದ್ದ 23,263ರ ಸಪೋರ್ಟನ್ನು ನಿಫ್ಟಿ ಮುರಿಯಿತು. ಮುರಿದ ಸಪೋರ್ಟ್ ಏರಿಕೆಗೆ ತಡೆ, ಅಂದರೆ ರೆಸಿಸ್ಟೆನ್ಸ್ ಆಗುತ್ತದೆ, ಬೆಲೆ ಮತ್ತೆ ಅಲ್ಲಿಗೇ ರೀಟೆಸ್ಟ್‌ಗೆ ಬಂದಾಗ ಮಾರು ಅಂತ ಎಲ್ಲರೂ ಹೇಳುತ್ತಾರೆ. ಜನವರಿ 30ರಂದು ಅದು ಸರಿಯಾಗಿ ಆ ರೇಖೆಗೆ ಬಂತು. ನಿಫ್ಟಿ 23,249 ಇದ್ದಾಗ ಫೆಬ್ರವರಿ ಫ್ಯೂಚರ್ ಒಂದು ಲಾಟ್ ಶಾರ್ಟ್ ಮಾಡಿದೆ, ಅಂದರೆ ಇಳಿದ ಮೇಲೆ ಕೊಳ್ಳೋಣ ಅಂತ ಮೊದಲೇ ಮಾರಿದೆ. ಅಲ್ಲಿಂದ ಏರಿದ್ದೇ ಏರಿದ್ದು. ಫೆಬ್ರವರಿ 4ಕ್ಕೆ ಸೋತು ಹೊರಬಂದೆ. ಒಂದೇ ವಾರಕ್ಕೆ ಅದು 23,071ಕ್ಕೆ ಬಿತ್ತು! ನಾನು ಎಲ್ಲಿ ತಪ್ಪಿದೆ?*
*— ಒಬ್ಬ ಓದುಗ, ಚನ್ನಗಿರಿ ತಾಲ್ಲೂಕು*

ಅಡಿಕೆ ಬೆಳೆಯುವವರು ನೀವು. ಹಾಗಾಗಿ ಮಂಡಿಯಿಂದಲೇ ಶುರು ಮಾಡುತ್ತೇನೆ.

ಕ್ವಿಂಟಾಲಿಗೆ 50,000 ಇದ್ದಾಗ ಕೆಲವರು ಇನ್ನೂ ಏರುತ್ತದೆ ಅಂತ ಅಡಿಕೆ ಕೊಂಡು ಗೋದಾಮಿನಲ್ಲಿಟ್ಟರು ಅಂದುಕೊಳ್ಳಿ. ರೇಟು 46,000ಕ್ಕೆ ಬಿತ್ತು. ಅವರಿಗೆ ರಾತ್ರಿ ನಿದ್ದೆ ಇಲ್ಲ. ಲಾಭ ಬೇಡ, ಹಾಕಿದ ದುಡ್ಡು ಬಂದರೆ ಸಾಕು ಅನ್ನುವ ಸ್ಥಿತಿ. ರೇಟು ಮತ್ತೆ 50,000ದ ಹತ್ತಿರ ಬಂದ ದಿನ ಎಲ್ಲರೂ ಒಟ್ಟಿಗೆ ಚೀಲ ಹೊರಗೆ ತರುತ್ತಾರೆ. ಮಾಲು ಜಾಸ್ತಿಯಾಗುತ್ತದೆ, ರೇಟು ಅಲ್ಲೇ ನಿಲ್ಲುತ್ತದೆ. ಸಪೋರ್ಟ್ ರೆಸಿಸ್ಟೆನ್ಸ್ ಆಗುವುದು ಅಂದರೆ ಇಷ್ಟೇ. ಚಾರ್ಟ್ ಮೇಲೆ ನಾವು ಎಳೆದ ಗೆರೆಗೆ ಯಾವ ಶಕ್ತಿಯೂ ಇಲ್ಲ. ಆ ಬೆಲೆಯಲ್ಲಿ ಸಿಕ್ಕಿಹಾಕಿಕೊಂಡ ಜನ ಇದ್ದಾರಲ್ಲ, ರೇಟನ್ನು ತಡೆಯುವುದು ಅವರು.

ನಿಮ್ಮ 23,263 ಸುಮ್ನೆ ಎಳೆದ ಗೆರೆ ಅಲ್ಲ. 2024ರ ಜೂನ್ 3ರಂದು, ಎಕ್ಸಿಟ್ ಪೋಲ್ ಖುಷಿಯಲ್ಲಿ, ನಿಫ್ಟಿ ಕ್ಲೋಸ್ ಆಗಿದ್ದು 23,263.90ಕ್ಕೆ. ಮರುದಿನ ಮತ ಎಣಿಕೆ, ಸೀದಾ 21,884. ಆಮೇಲೆ ಸೆಪ್ಟೆಂಬರ್‌ನಲ್ಲಿ 26,277ರ ತುದಿ ಮುಟ್ಟಿ ಇಳಿಯುತ್ತಾ ಬಂದು ನವೆಂಬರ್ 21ರಂದು ಕೆಳಗೆ ಮುಟ್ಟಿದ್ದು 23,263.15. ಅಲ್ಲಿಂದ ಜಿಗಿಯಿತು. ಒಂದು ಪಾಯಿಂಟ್ ಕೂಡ ವ್ಯತ್ಯಾಸ ಇಲ್ಲದೆ ಅದೇ ಸಂಖ್ಯೆ! ಇದು ಕಾಕತಾಳೀಯವೇ ಇರಬಹುದು. ಆದರೆ ಆ ಜಿಗಿತ ನೋಡಿ ಅಲ್ಲಿ ಕೊಂಡವರು ಬೇಕಾದಷ್ಟು ಜನ.

2025ರ ಜನವರಿ 13ರಂದು ನಿಫ್ಟಿ 345 ಪಾಯಿಂಟ್ ಬಿದ್ದು 23,085ಕ್ಕೆ ಕ್ಲೋಸ್ ಆಯಿತು. ರೇಖೆ ಮುರಿಯಿತು. ಮೊದಲ ರೀಟೆಸ್ಟ್ ಬಂದಿದ್ದು ಅದೇ ವಾರ. ನೀವು ಜನವರಿ 30ರದ್ದನ್ನು ನೋಡಿದಿರಿ. ಅದಕ್ಕಿಂತ ಮುಂಚಿನ ಆ ಎರಡು ವಾರ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ನನ್ನ ಪ್ರಕಾರ ಉತ್ತರ ಇರುವುದೇ ಅಲ್ಲಿ.

14ಕ್ಕೆ 23,176. 15ಕ್ಕೆ 23,213. 16ಕ್ಕೆ 23,311, ಅಂದರೆ ರೇಖೆಗಿಂತ 48 ಪಾಯಿಂಟ್ ಮೇಲೆ. 17ಕ್ಕೆ 23,203, ಮತ್ತೆ ಕೆಳಗೆ. 20ಕ್ಕೆ 23,344, ಮತ್ತೆ 81 ಮೇಲೆ. 21ಕ್ಕೆ ಬೆಳಿಗ್ಗೆ 23,400ರ ಮೇಲೆ ತೆರೆದು, ಸಂಜೆ 23,024ಕ್ಕೆ ಮುಗಿಯಿತು. ಆ ದಿನ ಒಂದೇ 320 ಪಾಯಿಂಟ್ ಇಳಿಕೆ.

ಪುಸ್ತಕದ ಚಿತ್ರದಲ್ಲಿ ಬೆಲೆ ಬಂದು ಗೆರೆ ಮುಟ್ಟಿ ಚೆಂಡಿನಂತೆ ಕೆಳಕ್ಕೆ ಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಗೆರೆಯ ಮೇಲೆ ಎರಡು ಸಲ ಹೋಗಿ ಕೂತು ಬಂತು. ನಷ್ಟ ಇಷ್ಟಕ್ಕೇ ಸಾಕು ಅಂತ ಗೆರೆಯ ಮೇಲೆ 20 ಪಾಯಿಂಟ್‌ಗೆ ಸ್ಟಾಪ್ ಲಾಸ್ ಇಟ್ಟವರೆಲ್ಲ ಸೋತರು, ದಿಕ್ಕು ಸರಿ ಇದ್ದೂ ಸೋತರು. ಅದಕ್ಕೇ ಗೆರೆ ಬೇಡ, ಪಟ್ಟಿ ಎಳೆಯಿರಿ ಅನ್ನುತ್ತೇನೆ. ಆಗ ನಿಫ್ಟಿ ದಿನಕ್ಕೆ ಸುಮಾರು 200 ಪಾಯಿಂಟ್ ಓಲಾಡುತ್ತಿತ್ತು. ಅದರ ಅರ್ಧ, 100 ಪಾಯಿಂಟ್, ಪಟ್ಟಿಯ ದಪ್ಪ ಅಂದುಕೊಂಡರೆ ಮೇಲಿನ ಅಂಚು 23,363. 16ರ ಕ್ಲೋಸ್ ಮತ್ತು 20ರ ಕ್ಲೋಸ್ ಎರಡೂ ಪಟ್ಟಿಯ ಒಳಗೇ ಇದ್ದವು. ಅರ್ಧ ಅನ್ನುವುದು ಶಾಸ್ತ್ರವೇನಲ್ಲ. ನಾನು ಬಳಸುವ ಅಳತೆ ಅದು, ಅಷ್ಟೇ. ಇನ್ನೊಂದು ಮಾತು: ರೇಖೆ ಎಳೆಯುವುದು ಸ್ಪಾಟ್ ಚಾರ್ಟ್‌ನಲ್ಲಿ, ಅಂದರೆ ನಿಫ್ಟಿ ಸೂಚ್ಯಂಕದ್ದೇ ಚಾರ್ಟ್‌ನಲ್ಲಿ. ಫ್ಯೂಚರ್ ಬೆಲೆ ಸಾಮಾನ್ಯವಾಗಿ ಸ್ವಲ್ಪ ಮೇಲಿರುತ್ತದೆ, ಪ್ರತಿ ತಿಂಗಳು ಕಾಂಟ್ರ್ಯಾಕ್ಟ್ ಬದಲಾಗುತ್ತದೆ. ಅಲ್ಲಿ ಎಳೆದರೆ ನಿಮ್ಮ ಗೆರೆ ಬೇರೆ, ಜನರ ನೆನಪಿನಲ್ಲಿರುವ ಬೆಲೆ ಬೇರೆ.

ಇನ್ನು ಎಂಟ್ರಿ. ರೇಖೆ ಮುಟ್ಟಿದ ಕೂಡಲೇ ಮಾರುವುದು ಒಂದು ದಾರಿ, ನೀವು ಮಾಡಿದ್ದು. ನಾನು ಕಾಯುವವನು. ಬೆಲೆ ರೇಖೆಯ ಮೇಲೆ ಹೋಗಿ ಕ್ಲೋಸ್ ಆಗಬೇಕು, ಅಲ್ಲಿ ನಿಲ್ಲಲಾಗದೆ ಮತ್ತೆ ಕೆಳಗೆ ಬಂದು ಕ್ಲೋಸ್ ಆಗಬೇಕು. ಆಗ ಮಾತ್ರ ಚೀಲ ಹೊರಗೆ ಬರುತ್ತಿದೆ ಅಂತ ಗೊತ್ತಾಗುವುದು. ಆ ಲೆಕ್ಕದಲ್ಲಿ ಎಂಟ್ರಿ ಜನವರಿ 17ರ ಸಂಜೆ, 23,203. ಪಟ್ಟಿಯ ಮೇಲೆ ಕ್ಲೋಸ್ ಆದರೆ ಹೊರಗೆ. ರಿಸ್ಕ್ 160 ಪಾಯಿಂಟ್.

ಈ ಟ್ರೇಡ್ ಸುಲಭವಾಗಿ ಗೆದ್ದಿತು ಅಂದುಕೊಳ್ಳಬೇಡಿ. 20ರಂದು ಕ್ಲೋಸ್ ಪಟ್ಟಿಯ ಅಂಚಿಗೆ ಬರೀ 19 ಪಾಯಿಂಟ್ ದೂರದಲ್ಲಿತ್ತು. 21ರ ಬೆಳಿಗ್ಗೆ ಅಂಚನ್ನು ದಾಟಿಯೇ ತೆರೆಯಿತು. ಸಿಸ್ಟಂನಲ್ಲಿ 23,363ಕ್ಕೆ ಸ್ಟಾಪ್ ಹಾಕಿದ್ದವರು ಅಲ್ಲೇ ಔಟ್. ಕ್ಲೋಸ್ ನೋಡಿ ಹೊರಬರುವವರು ಮಾತ್ರ ಉಳಿದರು. ಸಂಜೆ 23,024. ರಿಸ್ಕ್‌ಗಿಂತ ಜಾಸ್ತಿ ಲಾಭ ಬಂದಿತ್ತು. ಅಲ್ಲಿ ಅರ್ಧ ಮುಚ್ಚಿ, ಉಳಿದರ್ಧದ ಸ್ಟಾಪನ್ನು ಎಂಟ್ರಿ ಬೆಲೆಗೆ ತಂದಿದ್ದರೆ? 23ರಂದು ನಿಫ್ಟಿ 23,205ಕ್ಕೆ ಕ್ಲೋಸ್. ಎರಡು ಪಾಯಿಂಟ್‌ಗೆ ಉಳಿದರ್ಧವೂ ಹೊರಗೆ! 27ರಂದು 22,829ಕ್ಕೆ ಬಿದ್ದಿದ್ದನ್ನು ಸುಮ್ನೆ ನೋಡುತ್ತಾ ಕೂರಬೇಕು. ಗೆದ್ದ ರೀಟೆಸ್ಟ್‌ನ ಕಥೆಯೇ ಹೀಗಿರುತ್ತದೆ. ಮೊದಲ ಅರ್ಧಕ್ಕೆ 179 ಪಾಯಿಂಟ್, ಎರಡನೇ ಅರ್ಧಕ್ಕೆ ಏನೂ ಇಲ್ಲ.

ಈಗ ನಿಮ್ಮ ದಿನಕ್ಕೆ ಬರೋಣ.

13ರಿಂದ 24ರ ತನಕ ನಿಫ್ಟಿ ಬಹುತೇಕ ರೇಖೆಯ ಆಸುಪಾಸಿನಲ್ಲೇ ಓಡಾಡಿತು. ಅಂದರೆ ಅಲ್ಲಿ ಸಿಕ್ಕಿಹಾಕಿಕೊಂಡವರಿಗೆ ಅಸಲು ಪಡೆದು ಹೊರಬರಲು ಎರಡು ವಾರ ಬಾಗಿಲು ತೆರೆದಿತ್ತು. ಹೋಗುವವರು ಹೋಗಿಯಾಗಿತ್ತು. ನಿಮ್ಮ ಮಂಡಿಯ ಲೆಕ್ಕದಲ್ಲೇ ಹೇಳುವುದಾದರೆ, ರೇಟು ಮೊದಲನೇ ಸಲ 50,000ಕ್ಕೆ ಬಂದಾಗ ಚೀಲಗಳೆಲ್ಲ ಹೊರಗೆ ಹೋದವು. ಎರಡನೇ ಸಲ ಬಂದಾಗ ಗೋದಾಮಿನಲ್ಲಿ ಏನಿದೆ? ಗೋದಾಮಿನ ಒಳಗೆ ಇಣುಕಿ ನೋಡಲು ನಮಗೆ ಆಗದು, ನಿಜ. ಆದರೆ ಬೆಲೆ ಒಂದು ರೇಖೆಯನ್ನು ಎಷ್ಟು ಸಲ ದಾಟಿ ಹೋಗಿ ಬಂದಿದೆ ಅಂತ ಎಣಿಸಬಹುದು. ಎಣಿಕೆ ಹೆಚ್ಚಾದಷ್ಟೂ ಆ ರೇಖೆಯ ಮೇಲಿನ ನಂಬಿಕೆ ಕಡಿಮೆ ಮಾಡಿಕೊಳ್ಳುತ್ತೇನೆ.

ಎರಡನೆಯದು, ಬೆಲೆ ಬಂದ ರೀತಿ. 27ಕ್ಕೆ 22,829. ಆಮೇಲೆ 22,957. ಆಮೇಲೆ 23,163. ಆಮೇಲೆ ನಿಮ್ಮ 23,249. ಮೂರು ದಿನ ಒಂದೇ ಸಮನೆ ಏರಿ, ರೇಖೆಗೆ ಬರೀ 14 ಪಾಯಿಂಟ್ ಕೆಳಗೆ ನಿಂತಿತು. ಕ್ಲೋಸ್ ಬೆಲೆಗಳಲ್ಲಿ ಮಾರುವವರು ಇದ್ದಾರೆ ಅನ್ನುವ ಗುರುತು ಒಂದೂ ಇರಲಿಲ್ಲ. ನೀವು ರೇಖೆಯನ್ನು ನೋಡಿ ಮಾರಿದಿರಿ, ಬೆಲೆಯನ್ನು ನೋಡಲಿಲ್ಲ. ಮೊದಲ ರೀಟೆಸ್ಟ್‌ಗೆ ಬೇಕಾಗಿದ್ದ 'ಮೇಲೆ ಕ್ಲೋಸ್ ಆಗಿ ಮತ್ತೆ ಕೆಳಗೆ ಕ್ಲೋಸ್' ಇಲ್ಲಿ ಬರಲೇ ಇಲ್ಲ. ಕಾಯುವವನಿಗೆ ಆ ದಿನ ಎಂಟ್ರಿಯೇ ಇರಲಿಲ್ಲ.

ಮೂರನೆಯದು ಕ್ಯಾಲೆಂಡರ್. ಎರಡು ದಿನ ಬಿಟ್ಟು ಶನಿವಾರ ಬಜೆಟ್, ಅವತ್ತು ಮಾರ್ಕೆಟ್ ಕೂಡ ತೆರೆದಿತ್ತು. ಬಜೆಟ್ ಮುಂದಿದ್ದಾಗ ಹಳೇ ಶಾರ್ಟ್ ಇದ್ದವರು ಲಾಭ ಮಡಚಿಕೊಂಡು ಹೊರಡುತ್ತಾರೆ. ಶಾರ್ಟ್ ಮುಚ್ಚುವುದು ಅಂದರೆ ಕೊಳ್ಳುವುದು ಅಲ್ವಾ? ನೀವು ಮಾರಲು ಹೋದ ಹೊತ್ತಿಗೆ ನಿಮ್ಮ ಕಡೆಯವರೇ ಕೊಳ್ಳುವ ಸಾಲಿನಲ್ಲಿ ನಿಂತಿದ್ದರು.

31ರಂದು ನಿಫ್ಟಿ 23,508ಕ್ಕೆ ಕ್ಲೋಸ್. ರೇಖೆಗಿಂತ 245 ಮೇಲೆ, ಪಟ್ಟಿಯಿಂದ ಪೂರ್ತಿ ಹೊರಗೆ. ರೀಟೆಸ್ಟ್ ವಿಫಲ ಅನ್ನುವುದು ಇದಕ್ಕೇ. 48 ಅಥವಾ 81 ಪಾಯಿಂಟ್ ಮೇಲೆ ಕ್ಲೋಸ್ ಆಗಿದ್ದು ಗದ್ದಲ, 245 ಉತ್ತರ. ಕ್ಲೋಸ್ ನೋಡಿ ಹೊರಬರುವ ಪದ್ಧತಿಯ ಬೆಲೆಯೂ ಇಲ್ಲೇ ಕಾಣುತ್ತದೆ. 21ರ ಬೆಳಿಗ್ಗೆ ನಮ್ಮನ್ನು ಉಳಿಸಿದ ಅದೇ ಪದ್ಧತಿ 31ಕ್ಕೆ, ಪಟ್ಟಿಯ ಅಂಚಿನಲ್ಲಿ 114 ಪಾಯಿಂಟ್‌ಗೆ ಮುಗಿಯಬೇಕಿದ್ದ ನಿಮ್ಮ ನಷ್ಟವನ್ನು 259ಕ್ಕೆ ಎಳೆಯುತ್ತಿತ್ತು. ಅದಕ್ಕೇ ಈ ಪದ್ಧತಿ ಬಳಸುವವರು ಕೈಗೆ ಆಗುವುದರ ಅರ್ಧ ಪ್ರಮಾಣದಲ್ಲಿ ಆಡಬೇಕು. ಒಂದೇ ಲಾಟ್ ಇದ್ದರೆ ಅರ್ಧ ಮಾಡಲು ಆಗದು. ಅಂಥವರಿಗೆ ಸಿಸ್ಟಂ ಸ್ಟಾಪೇ ಗತಿ, 21ರ ಬೆಳಗಿನಂಥ ಏಟುಗಳನ್ನು ಒಪ್ಪಿಕೊಂಡೇ.

ಇನ್ನು ನಿಮ್ಮ ಹೊಟ್ಟೆ ಉರಿ. ಫೆಬ್ರವರಿ 3ರಂದು ನಿಫ್ಟಿ 23,361ಕ್ಕೆ ಇಳಿದು ರೇಖೆಗಿಂತ ಮೇಲೇ ನಿಂತಿತು. 4ಕ್ಕೆ 378 ಪಾಯಿಂಟ್ ಏರಿ 23,739. 11ಕ್ಕೆ 23,071. ತಿಂಗಳ ಕೊನೆಗೆ 22,124. ಫೆಬ್ರವರಿ 11ರಿಂದ ಮಾರ್ಚ್ 20ರ ತನಕ ಒಂದು ದಿನವೂ 23,263ರ ಮೇಲೆ ಕ್ಲೋಸ್ ಆಗಲಿಲ್ಲ. ರೀಟೆಸ್ಟ್ ವಿಫಲವಾಯಿತು ಅಂದ ಮಾತ್ರಕ್ಕೆ ಇಳಿತ ಮುಗಿಯಿತು ಅಂತಲ್ಲ. ಆದರೆ 4ನೇ ತಾರೀಕು ಆ ಇಳಿತ ನಿಮಗೂ ಕಾಣುತ್ತಿರಲಿಲ್ಲ, ನನಗೂ ಕಾಣುತ್ತಿರಲಿಲ್ಲ. 11ರ ನಂತರದ ಇಳಿತ ಬೇರೆಯದೇ ಟ್ರೇಡ್, ಅದಕ್ಕೆ ಬೇರೆಯದೇ ಕಾರಣ ಬೇಕಿತ್ತು. ಒಂದೇ ತಿಂಗಳಲ್ಲಿ ಅಷ್ಟು ಸಲ ಮೇಲೆ ಕೆಳಗೆ ದಾಟಿದ ರೇಖೆಯನ್ನು ನಾನಂತೂ ಅಷ್ಟರಲ್ಲೇ ಚಾರ್ಟ್‌ನಿಂದ ಅಳಿಸಿ ಹಾಕಿದ್ದೆ.

ಲೆಕ್ಕ ನೋಡಿ. ಆ ಫೆಬ್ರವರಿ ಲಾಟ್ 75ರದ್ದು. ಫ್ಯೂಚರ್ ಮತ್ತು ಸ್ಪಾಟ್ ನಡುವಿನ ಸಣ್ಣ ವ್ಯತ್ಯಾಸ ಬಿಟ್ಟುಬಿಡೋಣ. 31ರ ಸಂಜೆ ಹೊರಬಂದಿದ್ದರೆ 259 ಪಾಯಿಂಟ್, 19,425 ರೂಪಾಯಿ ನಷ್ಟ. ಅದು ತಪ್ಪಾದ ಎಂಟ್ರಿಯ ಬೆಲೆ. ನೀವು 4ರ ತನಕ ಇಟ್ಟುಕೊಂಡಿದ್ದಕ್ಕೆ ಅದು 490 ಪಾಯಿಂಟ್, 36,750 ಆಯಿತು. ಈ ಎರಡರ ನಡುವಿನ 17,325 ರೂಪಾಯಿಗೆ ರೀಟೆಸ್ಟ್ ಕಾರಣ ಅಲ್ಲ.