ಅಕ್ಕನ ಯೂನಿಟ್ಟು, ತಮ್ಮನ ನಾಲ್ಕು ಲಕ್ಷ

ಪ್ರಶ್ನೆ: ಬುಲ್ ಮಾರ್ಕೆಟ್, ಬೇರ್ ಮಾರ್ಕೆಟ್ ಅಂತ ಟಿವಿಯಲ್ಲಿ ದಿನಾ ಕೇಳ್ತೀನಿ. ತಿಂಗಳ ಸಂಬಳದಲ್ಲಿ ಸ್ವಲ್ಪ ಉಳಿಸೋ ನಮ್ಮಂಥವರಿಗೆ ಅದು ನಿಜವಾಗಿ ಹೇಗೆ ಅನಿಸುತ್ತೆ? ಬರೀ ವ್ಯಾಖ್ಯೆ ಬೇಡ, ಒಂದು ಕಥೆಯ ಥರ ಹೇಳ್ತೀರಾ?

ನಾನು ಶಿರಸಿಯಲ್ಲಿ ಮ್ಯೂಚುವಲ್ ಫಂಡ್ ವಿತರಕ. ಅಣ್ಣ-ತಮ್ಮಂದಿರ ಮಕ್ಕಳಾದ ಇಬ್ಬರು ನನ್ನ ಗ್ರಾಹಕರು. ಅವರ ಒಪ್ಪಿಗೆ ಪಡೆದು, ಹೆಸರು ಬದಲಿಸಿ ಬರೆಯುತ್ತಿದ್ದೇನೆ. ದೊಡ್ಡವಳು ಸವಿತಾ, ಶಿರಸಿ ಹತ್ತಿರದ ಅನುದಾನಿತ ಪ್ರೌಢಶಾಲೆಯಲ್ಲಿ ಟೀಚರ್. ಮನೆಯಲ್ಲಿ ಸಣ್ಣ ಅಡಿಕೆ ತೋಟವೂ ಇದೆ. ಚಿಕ್ಕವನು ಮಂಜು, ಕಾರವಾರದ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದ. ಅಕ್ಕನ ಸ್ವಭಾವ ತಣ್ಣಗಿನದು. ತಮ್ಮನಿಗೆ ಯಾವುದಕ್ಕೂ ಬೇಗ ಜೀವ ಹಾರುತ್ತದೆ.

ಷೇರುಪೇಟೆಯ ಸೂಚ್ಯಂಕ ಇತ್ತೀಚಿನ ಶಿಖರದಿಂದ ನೂರಕ್ಕೆ 20ರಷ್ಟು ಕುಸಿದರೆ ಬೇರ್, ತಳದಿಂದ ಅಷ್ಟೇ ಏರಿದರೆ ಬುಲ್ ಎನ್ನುವುದು ರೂಢಿ. ಆದರೆ ಈ ಗೆರೆ ದಾಟಿದ್ದು ಗೊತ್ತಾಗುವುದು ದಾಟಿದ ಮೇಲೆಯೇ. ಅದರೊಳಗೆ ಇರುವವರಿಗೆ ಕಾಣುವುದು ಅವತ್ತಿನ ಮೊತ್ತ ಒಂದೇ.

ಸವಿತಾ 2017ರ ಜನವರಿಯಿಂದ, 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ರ ಹಾದಿಯಲ್ಲೇ ನಡೆಯುವ ಇಂಡೆಕ್ಸ್ ಫಂಡಿಗೆ ತಿಂಗಳಿಗೆ 5,000 ರೂಪಾಯಿ ಎಸ್‌ಐಪಿ ಕಟ್ಟುತ್ತಿದ್ದಳು. ಮಂಜುವೂ ಅದೇ ಫಂಡಿನಲ್ಲಿ ಸಣ್ಣದೊಂದು ಎಸ್‌ಐಪಿ ಮಾಡಿದ್ದ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆ ಇಳಿಸಿದಾಗ ನಿಫ್ಟಿ ಒಂದೇ ದಿನ ನೂರಕ್ಕೆ 5ರ ಮೇಲೆ ಜಿಗಿಯಿತು. ಅವನಿಗೂ ಲಾಭವೇ ಆಗಿತ್ತು. ಆದರೆ ಆ ಸಂಜೆ ಫೋನಿನಲ್ಲಿ ಅವನ ದನಿಯಲ್ಲಿ ಇದ್ದದ್ದು ಖುಷಿಯಲ್ಲ, ಸಂಕಟ. ‘ಇಷ್ಟೇ ಹಾಕಿದ್ನಲ್ಲ, ಜಾಸ್ತಿ ಹಾಕಿದ್ರೆ ಎಷ್ಟಾಗ್ತಿತ್ತು?’ ಎಂದ. ಏರುವ ಪೇಟೆ ಸಾಮಾನ್ಯ ಉಳಿತಾಯಗಾರನಿಗೆ ಹೇಗಿರುತ್ತದೆ ಎಂದು ನೀವು ಕೇಳಿದಿರಲ್ಲ, ನಾನು ಮತ್ತೆ ಮತ್ತೆ ನೋಡಿದ್ದು ಇದನ್ನೇ. ಗಳಿಸಿದವನಿಗೂ ಏನೋ ಕಳೆದುಕೊಂಡೆ ಎನಿಸುತ್ತದೆ. ಅಪಾಯ ಕಣ್ಣಿಗೆ ಬೀಳುವುದಿಲ್ಲ, ಪಕ್ಕದ ಮೇಜಿನವನ ಲಾಭ ಬೀಳುತ್ತದೆ.

2020ರ ಜನವರಿ ನಡುವಿನಲ್ಲಿ ನಿಫ್ಟಿ 12,300ರ ಆಸುಪಾಸು, ಅಲ್ಲಿಯವರೆಗಿನ ದಾಖಲೆ ಎತ್ತರದಲ್ಲಿತ್ತು. ಮಂಜು ಬ್ಯಾಂಕಿನ ಎಫ್‌ಡಿ ಮುರಿದು ನಾಲ್ಕು ಲಕ್ಷವನ್ನು ಒಂದೇ ಕಂತಿನಲ್ಲಿ ಹಾಕಿದ. ಅದು ಮನೆಯ ಮೇಲೊಂದು ಅಂತಸ್ತು ಕಟ್ಟಲು ಇಟ್ಟ ಹಣ. ಆ ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಚಿರೇಕಲ್ಲು ಇಳಿಸಬೇಕೆಂದು ಮೇಸ್ತ್ರಿಗೆ ಮಾತು ಕೊಟ್ಟಿದ್ದ. ಒಂಬತ್ತು ತಿಂಗಳಲ್ಲಿ ಬೇಕಾದ ಹಣ ಇದು, ಷೇರಿನ ಫಂಡಿಗೆ ಬೇಡ ಎಂದು ನಾನು ಹೇಳಿದ್ದೆ. ಆಗ ಅವನಿಗೆ ಅದು ಕೇಳಿಸುವಂತಿರಲಿಲ್ಲ.

ಅದೇ ಹೊತ್ತಿನಲ್ಲಿ ಸವಿತಾಗೆ ಹೇಗನಿಸಿತ್ತು? ವಿಶೇಷವೇನೂ ಅನಿಸಿರಲಿಲ್ಲ. ಸ್ಟೇಟ್‌ಮೆಂಟ್ ನೋಡಿ, ದುಡ್ಡು ಅಷ್ಟೇ ಕಟ್ಟಿದರೂ ಯೂನಿಟ್ಟು ಕಡಿಮೆ ಬರುತ್ತಿದೆಯಲ್ಲ ಎಂದು ಕೇಳಿದ್ದಳು. ಒಂದೊಂದು ಯೂನಿಟ್ಟಿನ ದರ ಏರಿದೆ, ಹಾಗಾಗಿ ಎಂದೆ. ಆ ವಿಷಯ ಅಲ್ಲಿಗೆ ಮುಗಿಯಿತು.

ಮುಂದಿನದನ್ನು ಮಂಜುವಿನ ನಾಲ್ಕು ಲಕ್ಷದ ಮೇಲೆಯೇ ಹೇಳುತ್ತೇನೆ. ಲಾಭಾಂಶ ಮತ್ತು ಫಂಡಿನ ಖರ್ಚು ಬಿಟ್ಟು, ಸೂಚ್ಯಂಕಕ್ಕೆ ಸರಿಹೊಂದಿಸಿದ ಅಂದಾಜು ಲೆಕ್ಕ ಇದು. ಫೆಬ್ರುವರಿ ಕೊನೆಗೆ ಅದು 3.64 ಲಕ್ಷ. ‘ಇಳೀತದೆ, ಏರ್ತದೆ’ ಎಂದು ಅವನೇ ನನಗೆ ಸಮಾಧಾನ ಹೇಳಿದ. ಮಾರ್ಚ್ 12ಕ್ಕೆ 3.12 ಲಕ್ಷ. ಮರುದಿನ ಬೆಳಿಗ್ಗೆ ಪೇಟೆ ತೆರೆಯುತ್ತಿದ್ದಂತೆ ಕುಸಿದು ವಹಿವಾಟೇ ನಿಂತಿತು. ಮತ್ತೆ ಶುರುವಾದ ಮೇಲೆ ಅದೇ ದಿನ ಏರಿ ಮುಗಿಯಿತು. ಕರಡಿ ಪೇಟೆಯಲ್ಲಿ ಜನರನ್ನು ಸೋಲಿಸುವುದು ಇಂಥ ದಿನಗಳು. ಒಂದೇ ಸಮನೆ ಇಳಿದರೆ ಮನಸ್ಸು ಹೇಗೋ ಹೊಂದಿಕೊಳ್ಳುತ್ತದೆ. ನಡುವೆ ಒಮ್ಮೆ ಉಸಿರು ಬಿಡಲು ಬಿಟ್ಟು ಮತ್ತೆ ತಳ್ಳಿದರೆ ಧೈರ್ಯವೇ ಉಳಿಯುವುದಿಲ್ಲ.

ಜನತಾ ಕರ್ಫ್ಯೂ ಆದ ಮರುದಿನ, ಮಾರ್ಚ್ 23ರಂದು, ನಿಫ್ಟಿ ನೂರಕ್ಕೆ 13ರಷ್ಟು ಕುಸಿದು 7,610ಕ್ಕೆ ಮುಗಿಯಿತು. ನಾಲ್ಕು ಲಕ್ಷ ಈಗ 2.47 ಲಕ್ಷ. ಆ ವಾರವೇ ಅವನ ಸಂಸ್ಥೆಯಲ್ಲಿ ಏಪ್ರಿಲಿನಿಂದ ಅರ್ಧ ಸಂಬಳ ಎಂಬ ಮಾತೂ ಬಂದಿತ್ತು. ಆ ರಾತ್ರಿ ಅವನು ಅಕ್ಕನಿಗೆ ಫೋನ್ ಮಾಡಿದ. ಆಕೆ ನನ್ನನ್ನೂ ಕರೆಗೆ ಸೇರಿಸಿಕೊಂಡಳು.

‘ಅಕ್ಕಾ, ಎಲ್ಲಾ ಹೋತು. ಉಳದಿದ್ದಾದ್ರೂ ತೆಗದು ಇಟ್ಕಳವು.’

‘ಎಂತದೂ ಹೋಯ್ದಿಲ್ಲೆ ತಮಾ. ಅಟ್ಟದ ಮೇಲೆ ಅಡಿಕೆ ಚೀಲ ಎಷ್ಟಿತ್ತೋ ಅಷ್ಟೇ ಇದ್ದು. ದರ ಇಳದ್ದು ಅಷ್ಟೇಯ. ಇವತ್ತೇ ಮಾರವು ಹೇಳಿ ಯಾರು ಹೇಳಿದ್ದ?’

ಆಕೆಯ ಖಾತೆಯೂ ಕೆಂಪಾಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಮೂರು ವರ್ಷಕ್ಕೂ ಮೀರಿ ಕಟ್ಟಿದ 1.90 ಲಕ್ಷ ಅವತ್ತು 1.4 ಲಕ್ಷದ ಆಸುಪಾಸು ತೋರಿಸುತ್ತಿತ್ತು. ಹೆದರಿಕೆ ಆಕೆಗೂ ಇತ್ತು. ಆದರೆ ಆಕೆಯ ಸಂಬಳ ನಿಂತಿರಲಿಲ್ಲ, ಒಂದು ವರ್ಷದ ಮನೆಖರ್ಚು ಎಫ್‌ಡಿಯಲ್ಲಿತ್ತು, ಈ ಹಣ ಬೇಕಾಗುವುದು ಮಗಳು ಕಾಲೇಜು ಮುಗಿಸುವ ಹೊತ್ತಿಗೆ. ಇವನಿಗೆ ಅರ್ಧ ಸಂಬಳ, ಮುರಿದ ಎಫ್‌ಡಿ, ಏಳು ತಿಂಗಳಾಚೆ ಮೇಸ್ತ್ರಿ. ಜನ ಇಬ್ಬರ ಸ್ವಭಾವ ಹೋಲಿಸುತ್ತಾರೆ. ನಾನು ಇಬ್ಬರ ಹಣದ ಗಡುವು ಹೋಲಿಸುತ್ತೇನೆ. ಅಕ್ಕ ಹೇಳಿದ ಅಟ್ಟದ ಮಾತು ಸತ್ಯವೇ. ಆದರೆ ನಾಳೆ ಬೆಳಿಗ್ಗೆಯೇ ಮಾರಬೇಕಾದ ಸ್ಥಿತಿಯಲ್ಲಿ ಇರುವವನಿಗೆ ಅದು ಅರ್ಧ ಉತ್ತರ ಮಾತ್ರ.

ನಾನು ಹೇಳಿದ್ದು ಇಷ್ಟು: ಆರು ತಿಂಗಳ ಮನೆಖರ್ಚಿಗೆ ಬೇಕಾದಷ್ಟನ್ನು ತೆಗೆ, ಉಳಿದದ್ದು ಇರಲಿ, ಮನೆ ಕೆಲಸ ಒಂದು ವರ್ಷ ಮುಂದೆ ಹಾಕು. ಅವನು ಆ ನಾಲ್ಕು ಲಕ್ಷದಲ್ಲಿ ಉಳಿದಿದ್ದನ್ನೆಲ್ಲ ತೆಗೆದ. ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಮ್ಯೂಚುವಲ್ ಫಂಡಿನಲ್ಲಿ ಮಾರುವ ಗುಂಡಿ ಒತ್ತಿದ ಕ್ಷಣದ ದರ ಸಿಗುವುದಿಲ್ಲ. ನಿಗದಿತ ವೇಳೆಗೆ ಮೊದಲು ಕೊಟ್ಟ ಅರ್ಜಿಗೆ ಆ ದಿನ ಪೇಟೆ ಮುಗಿದ ಮೇಲಿನ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ದರ, ಸಿಗುತ್ತದೆ; ತಡವಾದರೆ ಮರು ವಹಿವಾಟಿನ ದಿನದ್ದು. ಅವನು ಮಾರ್ಚ್ 24ರ ಬೆಳಿಗ್ಗೆ ಒತ್ತಿದ. ಅಂದು ನಿಫ್ಟಿ ಮುಗಿದದ್ದು 7,801ಕ್ಕೆ. ಹಾಗಾಗಿ ಕೈಗೆ ಬಂದದ್ದು ಸುಮಾರು 2.54 ಲಕ್ಷ.

ಮಾರಿದ ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಬಂತು ಎಂದ. ಆ ನಿದ್ದೆಗೂ ಬೆಲೆಯಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ಹೆಚ್ಚು ದಿನ ಉಳಿಯಲಿಲ್ಲ. ಏಪ್ರಿಲ್ 7ರಂದು ಒಂದೇ ದಿನದಲ್ಲಿ ನಿಫ್ಟಿ ನೂರಕ್ಕೆ 8ರ ಮೇಲೆ ಏರಿತು. ಕಾಯಿಲೆ ಹರಡುತ್ತಲೇ ಇತ್ತು, ಪೇಟೆ ಮಾತ್ರ ಏರುತ್ತಿತ್ತು. ಇದು ಸುಳ್ಳು ಏರಿಕೆ, ಮತ್ತೆ ಬೀಳುತ್ತದೆ, ಆಗ ಕೊಳ್ಳುತ್ತೇನೆ ಎಂದು ಅವನು ಕಾದ. ನವೆಂಬರ್ 9ಕ್ಕೆ ಸೂಚ್ಯಂಕ ಹಳೆಯ ಎತ್ತರವನ್ನೇ ದಾಟಿತು. ತಳದಿಂದ ಅಲ್ಲಿಗೆ ಬರಲು ಅದು ನೂರಕ್ಕೆ 62ರಷ್ಟು ಏರಬೇಕಿತ್ತು. ಬಿದ್ದದ್ದು 38 ಇದ್ದರೂ ಏಳಬೇಕಾದದ್ದು 62, ಯಾಕೆಂದರೆ ಏರಿಕೆಯ ಲೆಕ್ಕ ಹಿಡಿಯುವುದು ಕುಗ್ಗಿದ ಮೊತ್ತದ ಮೇಲೆ. ಆ ಏರಿಕೆಯೆಲ್ಲ ನಡೆದದ್ದು ಅವನು ಹೊರಗಿದ್ದಾಗ.

2021ರ ಜನವರಿಯಲ್ಲಿ ನಿಫ್ಟಿ 14,500ರ ಹತ್ತಿರ ಇದ್ದಾಗ ಅವನು ತಡೆಯಲಾರದೆ ಮರಳಿ ಬಂದ. ಬಡ್ಡಿ ಸೇರಿ 2.60 ಲಕ್ಷ ಹಾಕಿದ. ಲೆಕ್ಕಕ್ಕೆ ಸುಲಭವಾಗಲಿ ಎಂದು ಎನ್‌ಎವಿ ಸೂಚ್ಯಂಕದ ನೂರನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಮೊದಲ ಬಾರಿ 123 ರೂಪಾಯಿಯಂತೆ 3,252 ಯೂನಿಟ್ಟು ಕೊಂಡಿದ್ದ. ಈಗ 145ರಂತೆ ಬಂದದ್ದು 1,793. ಅವನಿಗೆ ಆದ ಶಾಶ್ವತ ನಷ್ಟ ಮಾರ್ಚಿನ ಆ ಕೆಂಪು ಅಂಕಿಯಲ್ಲಿಲ್ಲ, ಈ ಎರಡು ಅಂಕಿಗಳ ನಡುವೆ ಇದೆ. ಆ ವರ್ಷ ಅಕ್ಟೋಬರಿನಲ್ಲಿ ನಿಫ್ಟಿ 18,000 ಮುಟ್ಟಿದಾಗ ಮೊದಲಿನ ಯೂನಿಟ್ಟುಗಳು 5.85 ಲಕ್ಷ ಆಗಿರುತ್ತಿದ್ದವು. ಅವನ ಬಳಿ ಇದ್ದದ್ದು 3.23 ಲಕ್ಷ.

ಸವಿತಾ ತಳ ಎಲ್ಲಿದೆ ಎಂದು ಹುಡುಕಲಿಲ್ಲ, ಧೈರ್ಯ ಮಾಡಿ ದೊಡ್ಡ ಮೊತ್ತವನ್ನೂ ಹಾಕಲಿಲ್ಲ. ಕಂತು ನಿಲ್ಲಿಸಲಿಲ್ಲ, ಅಷ್ಟೇ. ಅದೇ ಅಳತೆಯಲ್ಲಿ 2019ರ ಡಿಸೆಂಬರ್ ಕೊನೆಯ 5,000ಕ್ಕೆ ಆಕೆಗೆ 41 ಯೂನಿಟ್ಟು ಬಂದಿದ್ದರೆ 2020ರ ಮಾರ್ಚ್ 31ರ 5,000ಕ್ಕೆ 58 ಬಂತು.

ಹಾಗಾದರೆ ಮಂಜು ಮಾರದೆ ಕೂತಿದ್ದರೆ ಸರಿಹೋಗುತ್ತಿತ್ತೇ? ಹಣಕ್ಕೆ ಸರಿಹೋಗುತ್ತಿತ್ತು, ಮನೆಗೆ ಅಲ್ಲ. 2020ರ ಅಕ್ಟೋಬರ್ ಕೊನೆಗೆ ನಿಫ್ಟಿ 11,642. ಮೇಸ್ತ್ರಿ ಬರುವ ಹೊತ್ತಿಗೆ ನಾಲ್ಕು ಲಕ್ಷ ಇನ್ನೂ 3.79 ಲಕ್ಷವೇ. ಅದಕ್ಕೇ ನನ್ನ ಪ್ರಕಾರ ಎಡವಿದ್ದು ಭಯಪಟ್ಟ ಮಾರ್ಚಿನಲ್ಲಿ ಅಲ್ಲ, ಭಯವೇ ಇಲ್ಲದ ಜನವರಿಯಲ್ಲಿ. ಕಾದರೆ ಸಾಕು ಎಂಬ ಮಾತಿಗೂ ಮಿತಿ ಇದೆ. ಇಲ್ಲಿ ಹತ್ತು ತಿಂಗಳಲ್ಲಿ ಪೇಟೆ ಹಳೆಯ ಎತ್ತರಕ್ಕೆ ಬಂತು; ಜಪಾನಿನ ನಿಕ್ಕೇ 1989ರ ಕೊನೆಯಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಒಂದೇ ಕಂಪನಿಯ ಷೇರಾದರೆ ಎಂದೂ ಮರಳದೆ ಇರಬಹುದು.

ಒಂದು ಕೆಲಸ ಮಾತ್ರ ಮಂಜುವಿನಿಂದ ಹಟ ಹಿಡಿದು ಮಾಡಿಸಿದೆ. ಆದ 1.46 ಲಕ್ಷದ ಅಲ್ಪಾವಧಿ ನಷ್ಟವನ್ನು ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್ಸಿನಲ್ಲಿ ತೋರಿಸಿದ್ದು. ಹಾಗೆ ತೋರಿಸಿದರೆ ಮುಂದಿನ 8 ವರ್ಷದ ಬಂಡವಾಳ ಲಾಭಗಳಲ್ಲಿ ಅದನ್ನು ವಜಾ ಮಾಡಿಕೊಳ್ಳಬಹುದು. ನಿಮ್ಮಲ್ಲಿ ಯಾರಾದರೂ ನಷ್ಟಕ್ಕೆ ಮಾರಿದ್ದರೆ ಇದನ್ನು ಬಿಡಬೇಡಿ.

ಈಗ ಅವನ ಮನೆಯ ಹಣ ಬ್ಯಾಂಕಿನ ಎಫ್‌ಡಿಯಲ್ಲಿದೆ, ಫಂಡಿಗೆ ಹೋಗುವುದು ತಿಂಗಳ ಕಂತು ಮಾತ್ರ. 2024ರ ಸೆಪ್ಟೆಂಬರಿನ ಎತ್ತರದಿಂದ 2025ರ ಮಾರ್ಚ್ ಮೊದಲ ವಾರದವರೆಗೆ ನಿಫ್ಟಿ ನೂರಕ್ಕೆ 15ಕ್ಕೂ ಹೆಚ್ಚು ಇಳಿದಾಗ ಅವನು ಮತ್ತೆ ಫೋನ್ ಮಾಡಿದ್ದ. ಹೆದರಿಕೆ ಮೊದಲಿನಷ್ಟೇ ಇತ್ತು, ದನಿಯಲ್ಲೇ ತಿಳಿಯುತ್ತಿತ್ತು. ಈ ಸಲ ಮಾರಲಿಲ್ಲ. ಮಾರಲೇಬೇಕಾದ ಕಾರಣ ಈ ಸಲ ಇರಲಿಲ್ಲ.